ಸಾಲದ ಆ್ಯಪ್ ಹಾಕಿಕೊಳ್ಳುವ ಮೊದಲು ಅದರ ವೆಬ್‌ಸೈಟನ್ನು ಕೆಳಗಿನಿಂದ ಮೇಲಕ್ಕೆ ಓದಿ

ಶಾಲೆ ಶುರುವಾಗುವ ಹೊತ್ತಿಗೆ ನನ್ನ ಚಿಕ್ಕಮ್ಮನ ಮಗ ಮೊಬೈಲ್ ಹಿಡಿದು ಮನೆಗೆ ಬಂದ. ಮಗಳ ಫೀಸಿಗೆ ಐದು ಸಾವಿರ ಕಮ್ಮಿ ಬಿದ್ದಿತ್ತು. ಎಸ್‌ಎಂಎಸ್‌ನಲ್ಲಿ ಒಂದು ಲಿಂಕ್ ಬಂದಿತ್ತು. "ಅಣ್ಣಾ, ಐದು ನಿಮಿಷಕ್ಕೆ ದುಡ್ಡು ಬರುತ್ತಂತೆ. ದಿನಕ್ಕೆ ಶೇ 0.1 ಬಡ್ಡಿ ಅಷ್ಟೇ. ಹಾಕ್ಕೊಳ್ಳಲಾ?" ಅಂದ. ಹಾಕಿಕೊಳ್ಳುವುದು ಆಮೇಲೆ, ಮೊದಲು ಅವರ ವೆಬ್‌ಸೈಟ್ ನೋಡೋಣ ಅಂತ ಲ್ಯಾಪ್‌ಟಾಪ್ ತೆಗೆದೆ. ಅರ್ಧ ಗಂಟೆ ಹಿಡಿಯಿತು. ನಾವು ನೋಡಿದ ಕ್ರಮವನ್ನೇ ಇಲ್ಲಿ ಬರೆಯುತ್ತೇನೆ.

ಸಾಲ ಕೊಡುವವರು ಯಾರು?

ಪುಟದ ಮೇಲ್ಭಾಗ ಬರೀ ಜಾಹೀರಾತು. ಸೀದಾ ತೀರಾ ಕೆಳಕ್ಕೆ ಹೋಗಿ. ಆ್ಯಪ್ ಅನ್ನುವುದು ಸಾಮಾನ್ಯವಾಗಿ ಬರೀ ಮಧ್ಯವರ್ತಿ. ಹಿಂದೆ ನಿಂತು ಸಾಲ ಕೊಡುವುದು ಒಂದು ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಹಣಕಾಸು ಕಂಪನಿ, ಅಂದರೆ ಎನ್‌ಬಿಎಫ್‌ಸಿ. ಅದರ ಪೂರ್ತಿ ಹೆಸರು ವೆಬ್‌ಸೈಟಿನಲ್ಲಿ ಇರಬೇಕು. "ಆರ್‌ಬಿಐ ಮಾನ್ಯತೆ ಪಡೆದ ಪಾಲುದಾರರು" ಎಂದಷ್ಟೇ ಬರೆದು ಹೆಸರು ಹೇಳದಿದ್ದರೆ ಅಲ್ಲಿಗೇ ಪುಟ ಮುಚ್ಚಬಹುದು.

ಹೆಸರಿದ್ದರೂ ನಂಬಬೇಡಿ. ಕಳ್ಳ ಆ್ಯಪ್‌ಗಳು ಅಸಲಿ ಕಂಪನಿಯ ಹೆಸರು, ಲೋಗೊ ಎರಡನ್ನೂ ಎತ್ತಿ ಹಾಕಿಕೊಳ್ಳುತ್ತವೆ. ಅದಕ್ಕೇ ಹಿಂದಿನಿಂದ ಬನ್ನಿ. ಆ ಕಂಪನಿಯ ಸ್ವಂತ ವೆಬ್‌ಸೈಟ್ ಬೇರೆಯಾಗಿ ಹುಡುಕಿ ತೆರೆಯಿರಿ. ತಾನು ಯಾವ ಯಾವ ಆ್ಯಪ್ ಮೂಲಕ ಸಾಲ ಕೊಡುತ್ತೇನೆ ಅನ್ನುವ ಪಟ್ಟಿಯನ್ನು ಕಂಪನಿ ಅಲ್ಲಿ ಹಾಕಲೇಬೇಕು. 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲೂ ಡಿಜಿಟಲ್ ಸಾಲದ ಆ್ಯಪ್‌ಗಳ ಪಟ್ಟಿ ಇದೆ. ಆದರೆ ಅದಕ್ಕೆ ಮಾಹಿತಿ ತುಂಬುವುದು ಕಂಪನಿಗಳೇ. ಹಾಗಾಗಿ ಪಟ್ಟಿಯಲ್ಲಿ ಹೆಸರಿದೆ ಎಂದರೆ ಆ್ಯಪ್ ಮತ್ತು ಕಂಪನಿಗೆ ನಂಟಿದೆ ಎಂದಷ್ಟೇ ಅರ್ಥ. ಬಡ್ಡಿ ಕಮ್ಮಿ, ನಡವಳಿಕೆ ಒಳ್ಳೆಯದು ಅಂತಲ್ಲ.

ನಮ್ಮ ಲಿಂಕಿನ ಪುಟದಲ್ಲಿ ಕಂಪನಿಯ ಹೆಸರು ಇರಲೇ ಇಲ್ಲ. ದೂರಿಗೆ ಅಂತ ಒಂದು ಜಿಮೇಲ್ ವಿಳಾಸ, ಒಂದು ವಾಟ್ಸ್ಆ್ಯಪ್ ನಂಬರ್ ಮಾತ್ರ. ಆದರೂ ಲೆಕ್ಕ ನೋಡೋಣ ಅಂತ ಮುಂದುವರಿದೆವು.

ಕೈಗೆ ಬರುವ ದುಡ್ಡಿನಿಂದ ಲೆಕ್ಕ ಶುರು ಮಾಡಿ

ಬಡ್ಡಿ ದರ ನೋಡಬೇಡಿ. ಎರಡೇ ಸಂಖ್ಯೆ ಹುಡುಕಿ: ಖಾತೆಗೆ ಎಷ್ಟು ಬೀಳುತ್ತದೆ, ಎಷ್ಟು ದಿನಕ್ಕೆ ಎಷ್ಟು ಕಟ್ಟಬೇಕು. ನಮಗೆ ಅದು ಸಿಕ್ಕಿದ್ದು ಪ್ರಶ್ನೋತ್ತರ ಪುಟದ ಕೊನೆಯಲ್ಲಿ, ಒಂದು ಉದಾಹರಣೆಯಲ್ಲಿ. ಸಾಲ 5,000 ರೂಪಾಯಿ, ಅವಧಿ 7 ದಿನ. ಅದರಲ್ಲಿ ಪ್ರೊಸೆಸಿಂಗ್ ಶುಲ್ಕ 1,000, ಅದರ ಮೇಲೆ ಜಿಎಸ್‌ಟಿ 180, "ಪ್ರೊಫೈಲ್ ಪರಿಶೀಲನೆ"ಗೆ 320, "ಸೇವಾ ಶುಲ್ಕ" 250. ಒಟ್ಟು 1,750 ಮೊದಲೇ ಮುರಿದುಕೊಂಡು ಕೈಗೆ ಕೊಡುವುದು 3,250. ವಾರದ ಕೊನೆಗೆ ಕಟ್ಟಬೇಕಾದದ್ದು 5,035.

ಆ ಶೇ 0.1 ಬಡ್ಡಿ ಸುಳ್ಳಲ್ಲ ನೋಡಿ. ಐದು ಸಾವಿರಕ್ಕೆ ಏಳು ದಿನಕ್ಕೆ 35 ರೂಪಾಯಿ, ಸರಿಯಾಗೇ ಇದೆ. ಆದರೆ ತಮ್ಮನಿಗೆ ಬಳಸಲು ಸಿಗುವುದು 3,250 ಮಾತ್ರ, ಅದಕ್ಕೆ ಅವನು ಜಾಸ್ತಿ ಕೊಡುವುದು 1,785. ವಾರಕ್ಕೆ ಹತ್ತಿರ ಹತ್ತಿರ ಶೇ 55. ವರ್ಷಕ್ಕೆ ಹಾಕಿದರೆ ಶೇ 2,800 ದಾಟುತ್ತದೆ. ಹೀಗೆ ಬಡ್ಡಿ, ಶುಲ್ಕ ಎಲ್ಲ ಸೇರಿಸಿ ಬರುವ ವಾರ್ಷಿಕ ದರಕ್ಕೇ ಎಪಿಆರ್ ಅನ್ನುವುದು. ಆ ಪುಟದಲ್ಲಿ ಎಪಿಆರ್ ಅನ್ನುವ ಮಾತೇ ಇರಲಿಲ್ಲ. ತಮ್ಮ ಕ್ಯಾಲ್ಕುಲೇಟರ್ ತೆಗೆದು ಇನ್ನೊಮ್ಮೆ ಒತ್ತಿ ನೋಡಿದ.

ನಿಯಮ ಪಾಲಿಸುವವರು ಒಪ್ಪಂದಕ್ಕೆ ಮೊದಲು ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಪತ್ರ ಕೊಡಬೇಕು. ಅದರಲ್ಲಿ ಎಪಿಆರ್, ಪ್ರತಿ ಶುಲ್ಕ, ತಡವಾದರೆ ಬೀಳುವ ದಂಡ, ವಸೂಲಿಯ ಕ್ರಮ ಎಲ್ಲ ಇರುತ್ತದೆ. ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಅನ್ನುವುದೂ ನಿಯಮ, ಕನ್ನಡದಲ್ಲೇ ಕೇಳಿ. ಆ ಪತ್ರದಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತಿಲ್ಲ. ಮಧ್ಯವರ್ತಿ ಆ್ಯಪ್‌ಗೆ ಕೊಡಬೇಕಾದ ದುಡ್ಡನ್ನು ಕಂಪನಿಯೇ ಕೊಡಬೇಕು, ನಿಮ್ಮಿಂದ ಕೀಳುವಂತಿಲ್ಲ.

ಫೋನಿನಲ್ಲಿ ಏನೇನು ಕೇಳುತ್ತದೆ

ಆ ವೆಬ್‌ಸೈಟಿನಲ್ಲಿ ಪ್ಲೇ ಸ್ಟೋರ್ ಕೊಂಡಿ ಇರಲಿಲ್ಲ. "ನೇರವಾಗಿ ಡೌನ್‌ಲೋಡ್ ಮಾಡಿ" ಅಂತ ಎಪಿಕೆ ಫೈಲ್ ಇಟ್ಟಿದ್ದರು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. 60 ದಿನದೊಳಗೆ ಪೂರ್ತಿ ತೀರಿಸಬೇಕಾದ ಸಾಲದ ಆ್ಯಪ್‌ಗಳನ್ನು ಗೂಗಲ್ ಪ್ಲೇ ಬಿಟ್ಟುಕೊಳ್ಳುವುದಿಲ್ಲ. 2023ರಿಂದ ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಫೋಟೊ ಮುಟ್ಟುವುದನ್ನೂ ಅದು ನಿಷೇಧಿಸಿದೆ. ಬೇರೆ ಕಡೆಯಿಂದ ಫೈಲ್ ಹಾಕಿಸಿಕೊಂಡರೆ ಈ ತಡೆ ಯಾವುದೂ ಇಲ್ಲ.

ಪ್ಲೇ ಸ್ಟೋರಿನಲ್ಲೇ ಇರುವ ಆ್ಯಪ್ ಆದರೆ About this app ಒತ್ತಿ, ಕೆಳಗೆ App permissions ನೋಡಿ. ಆಮೇಲೆ ವೆಬ್‌ಸೈಟಿನ ಖಾಸಗಿತನ ನೀತಿ ತೆರೆದು contacts, SMS, call logs, gallery ಪದಗಳನ್ನು ಹುಡುಕಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸಾಲದ ಆ್ಯಪ್ ಕಾಂಟ್ಯಾಕ್ಟ್ ಪಟ್ಟಿ, ಕರೆ ವಿವರ, ಫೈಲ್ ಮತ್ತು ಫೋಟೊಗಳಿಗೆ ಕೈ ಹಾಕುವಂತಿಲ್ಲ. ಕ್ಯಾಮೆರಾ, ಮೈಕ್, ಲೊಕೇಷನ್ ಮಾತ್ರ ಕೆವೈಸಿಗಾಗಿ ಒಂದು ಸಲ, ನಿಮ್ಮ ಸ್ಪಷ್ಟ ಒಪ್ಪಿಗೆ ಪಡೆದು ಬಳಸಬಹುದು. ಸೆಲ್ಫಿಗೆ ಕ್ಯಾಮೆರಾ ಕೇಳಿದರೆ ಗಾಬರಿ ಬೇಡ. ಗ್ಯಾಲರಿ ಯಾಕೆ ಬೇಕು ಅಂತ ಕೇಳಿ.

ಒಮ್ಮೆ ಕಾಂಟ್ಯಾಕ್ಟ್ ಅನುಮತಿ ಕೊಟ್ಟರೆ ಪಟ್ಟಿ ಅವರ ಸರ್ವರ್‌ಗೆ ಹೋಗಿರುತ್ತದೆ. ಆ್ಯಪ್ ಅಳಿಸಿದರೆ ಅದು ವಾಪಸ್ ಬರುವುದಿಲ್ಲ.

ವಸೂಲಿಯ ವಾಸನೆ

ಕಾಂಟ್ಯಾಕ್ಟ್ ಯಾಕೆ ಬೇಕಿತ್ತು ಅನ್ನುವುದು ಷರತ್ತುಗಳ ಪುಟದಲ್ಲಿ ಗೊತ್ತಾಗುತ್ತದೆ. ನಮಗೆ ಸಿಕ್ಕ ವಾಕ್ಯದ ಸಾರ ಇದು: ಸಾಲ ಬಾಕಿಯಾದರೆ ನಿಮ್ಮ ತುರ್ತು ಸಂಪರ್ಕದವರನ್ನೂ ಪರಿಚಯದವರನ್ನೂ ಸಂಪರ್ಕಿಸಲು ನೀವು ಒಪ್ಪಿದ್ದೀರಿ. ಓದಲು ಸಪ್ಪೆಯಾಗಿದೆ, ಅಲ್ವಾ? ಇದರ ಅರ್ಥ, ಕಂತು ತಪ್ಪಿದ ದಿನ ನಿಮ್ಮ ಅತ್ತೆಗೂ ಆಫೀಸಿನ ಸಾಹೇಬರಿಗೂ ಫೋನ್ ಹೋಗುತ್ತದೆ. ಇಂಥ ಆ್ಯಪ್‌ಗಳು ಸೆಲ್ಫಿಯನ್ನು ಅಶ್ಲೀಲ ಚಿತ್ರಕ್ಕೆ ಅಂಟಿಸಿ ಕಳಿಸಿದ ದೂರುಗಳೂ ದೇಶದ ತುಂಬ ದಾಖಲಾಗಿವೆ.

ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಮರ್ಯಾದೆ ತೆಗೆಯುವಂತಿಲ್ಲ, ಸ್ನೇಹಿತರು ನೆಂಟರಿಗೆ ಕಾಟ ಕೊಡುವಂತಿಲ್ಲ. ಆದರೆ ರಿಸರ್ವ್ ಬ್ಯಾಂಕಿನ ಈ ನಿಯಮ ಕಟ್ಟಿಹಾಕುವುದು ಅದರ ಹಿಡಿತದಲ್ಲಿರುವ ಕಂಪನಿಗಳನ್ನು ಮಾತ್ರ. ಹೆಸರೇ ಇಲ್ಲದವರನ್ನು ಯಾರು ಹಿಡಿಯುತ್ತಾರೆ? ನಾವು ಮೊದಲು ಕಂಪನಿ ಹೆಸರು ಹುಡುಕಿದ್ದು ಇದಕ್ಕೇ.

ಇನ್ನೊಂದು ಪರೀಕ್ಷೆ ಸುಲಭದ್ದು. ಸಾಲ ತೀರಿಸುವುದು ಎಲ್ಲಿಗೆ ಅಂತ ನೋಡಿ. ದುಡ್ಡು ಸಾಲ ಕೊಟ್ಟ ಕಂಪನಿಯ ಖಾತೆಗೇ ನೇರವಾಗಿ ಹೋಗಬೇಕು. ಯಾರದೋ ವೈಯಕ್ತಿಕ ಯುಪಿಐ ಐಡಿ, ಪ್ರತಿ ಸಲ ಬದಲಾಗುವ ಕ್ಯುಆರ್ ಕೋಡ್ ಕಂಡರೆ ಕಟ್ಟಿದ ಸಾಲವೂ "ಬಾಕಿ" ಎಂದೇ ತೋರಿಸಬಹುದು.

ಆಗಲೇ ಸಿಕ್ಕಿಹಾಕಿಕೊಂಡಿದ್ದರೆ

ಸಾಲ ಕೊಟ್ಟದ್ದು ನೋಂದಾಯಿತ ಕಂಪನಿಯಾದರೆ ಮೊದಲು ಅದರ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ನಲ್ಲಿ ದೂರು ಕೊಡಬಹುದು. ನೋಂದಣಿಯೇ ಇಲ್ಲದವರಾದರೆ sachet.rbi.org.in ಇದೆ. ಬೆದರಿಕೆ, ಫೋಟೊ ತಿರುಚುವುದು ಶುರುವಾದರೆ ಕಾಯಬೇಡಿ, ಪೊಲೀಸ್ ಠಾಣೆಗೆ ಹೋಗಿ, cybercrime.gov.in ನಲ್ಲೂ ದಾಖಲಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಕರೆ ಮಾಡಿ. ನೋಂದಣಿ ಇಲ್ಲದೆ ಸಾಲ ಕೊಡುವವರ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಅದರಲ್ಲಿ 10 ವರ್ಷದವರೆಗೂ ಜೈಲು ಶಿಕ್ಷೆಗೆ ಅವಕಾಶವಿದೆ.

ಇದೆಲ್ಲಕ್ಕೂ ಸಾಕ್ಷಿ ಬೇಕು. ಶುಲ್ಕದ ಪುಟ, ಷರತ್ತು, ಬಂದ ಮೆಸೇಜ್, ವೆಬ್‌ಸೈಟಿನ ವಿಳಾಸ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಆ್ಯಪ್ ಅಳಿಸಿ. ತಮ್ಮನ ಲಿಂಕನ್ನು ಎರಡು ವಾರ ಬಿಟ್ಟು ನಾನು ಮತ್ತೆ ಒತ್ತಿ ನೋಡಿದೆ. ಪುಟ ಇರಲಿಲ್ಲ.