ಕಬ್ಬಿನ ಗದ್ದೆ ಕೊಟ್ಟ ಸುಳ್ಳು ತೇವ

ಮಂಡ್ಯ ಕಡೆಯ ಹೊಲಗಳಿಗೆ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳಿಂದ ಮಣ್ಣಿನ ತೇವದ ನಕ್ಷೆ ಮಾಡುತ್ತಿದ್ದೆ. ಲೆಕ್ಕ ಸರಳ. ಪ್ರತಿ ಜಾಗದಿಂದ ಉಪಗ್ರಹಕ್ಕೆ ಮರಳುವ ರೇಡಾರ್ ಅಲೆಯ ಬಲದಲ್ಲಿ, ಅಂದರೆ VV ಮರುಚದುರಿಕೆಯಲ್ಲಿ, ವರ್ಷದ ಅತಿ ಕಡಿಮೆಯನ್ನು ಒಣ ಮಣ್ಣು, ಅತಿ ಹೆಚ್ಚನ್ನು ನೆನೆದ ಮಣ್ಣು ಅಂತ ಹಿಡಿದು, ಇವತ್ತಿನದು ನಡುವೆ ಎಲ್ಲಿದೆ ಅಂತ ನೋಡುವುದು.

ಉತ್ತ ಹೊಲಗಳಲ್ಲಿ ಚೆನ್ನಾಗಿಯೇ ಬಂತು. ಕಬ್ಬಿನಲ್ಲಿ ಮಾತ್ರ ಎಡವಟ್ಟು. ನೀರು ಬಿಟ್ಟು ಮೂರು ವಾರವಾದ ಗದ್ದೆಯೂ ನಕ್ಷೆಯಲ್ಲಿ ಒದ್ದೆ! ಹೋಗಿ ಮೇಲಿನ 5 ಸೆಂ.ಮೀ. ಮಣ್ಣು ತಂದು ತೂಗಿದೆ. 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿದೆ. ತೂಕ ಹೆಚ್ಚೇನೂ ಇಳಿಯಲಿಲ್ಲ. ಅಂದರೆ ಮಣ್ಣು ಒಣಗಿಯೇ ಇತ್ತು.

ಈ ರೇಡಾರ್‌ನ ಅಲೆಯುದ್ದ ಸುಮಾರು 5.6 ಸೆಂ.ಮೀ. ಆಳೆತ್ತರದ ಕಬ್ಬಿನ ಸೋಗೆಯೇ ಅದನ್ನು ಚದುರಿಸಿಬಿಡುತ್ತದೆ, ನೆಲದ ಸುದ್ದಿ ಮೇಲೆ ಬರುವುದೇ ಇಲ್ಲ. ನಾನು ಅಳೆದದ್ದು ಎಲೆಯನ್ನು, ಅಲ್ವಾ!

ಮೊದಲು ಹಸಿರು ಎಷ್ಟಿದೆ ಅಂತ ತೋರಿಸುವ NDVI ಸೂಚ್ಯಂಕ ಬಳಸಿ ತಿದ್ದುಪಡಿ ಹಾಕಿ ನೋಡಿದೆ. ಸುಮ್ನೆ ಅಂಕಿ ಬದಲಾಯಿತು ಅಷ್ಟೆ, ಇಲ್ಲದ ಸಂಕೇತವನ್ನು ಎಲ್ಲಿಂದ ತರುವುದು? ಕೊನೆಗೆ NDVI 0.6 ದಾಟಿದ ಜಾಗಗಳನ್ನು ಆ ದಿನದ ಮಟ್ಟಿಗೆ ಖಾಲಿ ಬಿಟ್ಟೆ. ಒಣ-ಒದ್ದೆ ಮಿತಿಗಳನ್ನೂ ಬೆಳೆ ಇಲ್ಲದ ದಿನಗಳಿಂದಲೇ ಮತ್ತೆ ತೆಗೆದೆ. ನಕ್ಷೆಯಲ್ಲಿ ಈಗ ತೂತು ಜಾಸ್ತಿ. ಕಬ್ಬು ಕಟಾವಾದ ಮೇಲೆ ಅವು ತುಂಬಿಕೊಳ್ಳುತ್ತವೆ.