ಕೌಂಟರ್ ಮುಂದೆ ಕ್ಯೂ, ಡ್ರಾಯರ್‌ನಲ್ಲಿ ಅವನ ಮೆಸೇಜ್: ಹತ್ತು ಸೆಕೆಂಡಲ್ಲಿ ಏನಂತ ಬರೆಯೋದು?

ತಿಂಗಳ ಮೊದಲ ವಾರ. ಹಾಸನದ ಒಂದು ಬ್ಯಾಂಕ್ ಶಾಖೆ, ಬೆಳಗ್ಗೆ ಹನ್ನೊಂದು ಗಂಟೆ. ಪೆನ್ಷನ್ ತೆಗೆದುಕೊಳ್ಳಲು ಬಂದವರ ಕ್ಯೂ ಬಾಗಿಲು ದಾಟಿದೆ. ಕ್ಯಾಷ್ ಕೌಂಟರ್‌ನಲ್ಲಿ ಕೂತಿರುವವಳು ನನ್ನ ಗೆಳತಿ. ಡ್ರಾಯರ್‌ನಲ್ಲಿದ್ದ ಅವಳ ಫೋನ್ ಗುಂಯ್ ಅಂದಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುತ್ತಿರುವ ಹುಡುಗ ಬರೆದಿದ್ದಾನೆ: ‘ಮೇಡಂ, ನಮ್ಮ ಅಕೌಂಟಿಗೆ ಭಾನುವಾರದಿಂದ ನಿಮ್ಮ ನಗು ಒಂದೂ ಜಮೆ ಆಗಿಲ್ಲ. ಬ್ಯಾಲೆನ್ಸ್ ಸೊನ್ನೆ.’

ಇವಳಿಗೆ ನಗು ಬಂತು, ಆದರೆ ಎದುರಿಗಿದ್ದ ಅಜ್ಜ ಚೆಕ್ ಮುಂದೆ ಚಾಚಿಕೊಂಡೇ ನಿಂತಿದ್ದಾರೆ. ಸಿಕ್ಕಿದ್ದು ಹತ್ತು ಸೆಕೆಂಡ್. ‘ಹಹಹ, ಬ್ಯುಸಿ ಇದೀನಿ, ಆಮೇಲೆ ಮಾತಾಡ್ತೀನಿ’ ಎಂದು ಟೈಪ್ ಮಾಡಿದಳು, ಪುಣ್ಯಕ್ಕೆ ಕಳಿಸಲಿಲ್ಲ. ಯಾಕೆ ಪುಣ್ಯ ಅಂತೀನಿ? ಆ ಉತ್ತರದಲ್ಲಿ ಸುಳ್ಳಿಲ್ಲ, ಒರಟುತನವೂ ಇಲ್ಲ. ಆದರೆ ಅದನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಚಿಕ್ಕಪ್ಪನಿಗೂ, ಇನ್ಶೂರೆನ್ಸ್ ಏಜೆಂಟಿಗೂ. ಅವನು ಕೂತು ಯೋಚಿಸಿ ಬರೆದ ಮಾತಿನ ಒಂದು ಪದವನ್ನೂ ಅದು ಮುಟ್ಟಿಲ್ಲ. ಉತ್ತರ ಚಿಕ್ಕದಾಯಿತು ಅಂತ ಯಾರಿಗೂ ಬೇಜಾರಾಗುವುದಿಲ್ಲ, ತನ್ನ ಮಾತು ಕೇಳಿಸಲೇ ಇಲ್ಲವೇನೋ ಅನ್ನಿಸಿದಾಗಲೇ ಸಪ್ಪೆಯಾಗುವುದು.

ಹಾಗಾಗಿ ಮೊದಲ ಹೆಜ್ಜೆ: ಅವರ ಮೆಸೇಜಿನಿಂದಲೇ ಒಂದು ಪದ ಎತ್ತಿಕೊಳ್ಳಿ. ಹೊಸ ಜೋಕ್ ಹುಡುಕುತ್ತಾ ಕೂರಬೇಡಿ, ಅದಕ್ಕೆ ಟೈಮೂ ಇಲ್ಲ. ಅವನು ಬ್ಯಾಲೆನ್ಸ್ ಅಂದ, ಇವಳ ಕೆಲಸವೇ ಅದು. ಕೊನೆಗೆ ಅವಳು ಕಳಿಸಿದ್ದು ಇದು: ‘ಮಿನಿಮಮ್ ಬ್ಯಾಲೆನ್ಸ್ ಇಲ್ಲದಿದ್ರೆ ದಂಡ ಬೀಳತ್ತೆ ಕಣೋ. ಪೆನ್ಷನ್ ಕ್ಯೂ ಬಾಗಿಲು ದಾಟಿದೆ. ಎರಡೂವರೆಗೆ ಊಟಕ್ಕೆ ಏಳ್ತೀನಿ, ಆಗ ಜಮೆ.’

ಇದರಲ್ಲಿ ಮೂರು ತುಂಡುಗಳಿವೆ, ಅವುಗಳ ಸಾಲು ಮುಖ್ಯ. ಮೊದಲು ಅವನ ಮಾತಿಗೆ ಮಾತು, ಆಮೇಲೆ ತಾನು ಎಲ್ಲಿ ಸಿಕ್ಕಿಕೊಂಡಿದ್ದೇನೆ ಅನ್ನೋದು, ಕೊನೆಗೆ ಯಾವಾಗ ಸಿಗ್ತೀನಿ ಅನ್ನೋದು. ಹಿಂದುಮುಂದು ಮಾಡಿ ನೋಡಿ. ‘ಕ್ಯೂ ಇದೆ’ ಅಂತ ಶುರು ಮಾಡಿದರೆ ನೋಟಿಫಿಕೇಶನ್‌ನಲ್ಲಿ ಅವನಿಗೆ ಮೊದಲು ಕಾಣುವುದೇ ಅದು. ಬಾಗಿಲು ಮುಚ್ಚಿ ಕಿಟಕಿಯಿಂದ ನಕ್ಕ ಹಾಗೆ ಆಗುತ್ತದೆ.

ಎರಡನೇ ತುಂಡಿನಲ್ಲಿ ‘ಬ್ಯುಸಿ’ ಎಂಬ ಪದ ಬಿಟ್ಟುಬಿಡಿ ಅಂತಲೇ ನನ್ನ ಸಲಹೆ. ಅದನ್ನು ಎಲ್ಲರೂ ಎಲ್ಲದಕ್ಕೂ ಹೇಳಿ ಹೇಳಿ ಅದೊಂದು ನೆಪ ಆಗಿಬಿಟ್ಟಿದೆ. ‘ಕ್ಯೂ ಬಾಗಿಲು ದಾಟಿದೆ’, ‘ಮೇಷ್ಟ್ರು ಬೋರ್ಡಿನಿಂದ ತಿರುಗೋ ಹೊತ್ತಾಯ್ತು’, ‘ಮೀಟಿಂಗಲ್ಲಿ ಮುಂದಿನ ಪಾಳಿ ನಂದೇ’ ಅನ್ನಿ. ಕಣ್ಣಿಗೆ ಕಾಣುವ ಹಾಗೆ ಹೇಳಿದರೆ ಅವರು ಕೂಡ ನಿಮ್ಮ ಪಕ್ಕದಲ್ಲೇ ನಿಂತ ಹಾಗಿರುತ್ತದೆ, ತಡವಾದರೆ ಯಾಕೆ ಅಂತ ಅವರಿಗೇ ಗೊತ್ತಿರುತ್ತದೆ.

ಈಗ ‘ಕಣೋ’ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಅವಸರದಲ್ಲಿ ಮೊದಲು ಉದುರಿಹೋಗುವುದು ಇಂಥ ಬಾಲಗಳೇ. ‘ಸರಿ’ ಅಂದರೆ ಮುಖ ಊದಿಸಿಕೊಂಡ ಹಾಗೆ, ‘ಸರಿ ಕಣೋ’ ಅಂದರೆ ಹೆಗಲ ಮೇಲೆ ಕೈ ಹಾಕಿದ ಹಾಗೆ. ‘ಆಯ್ತು’ ಮತ್ತು ‘ಆಯ್ತಪ್ಪಾ’ ನಡುವೆ ಎಷ್ಟು ದೂರ ಇದೆ ನೋಡಿ! ಮಂಗಳೂರು ಕಡೆಯವರಾದರೆ ಒಂದು ‘ಮಾರಾಯ’ ಸಾಕು. ಬಹುಶಃ ಎಮೋಜಿಗಿಂತ ಇವೇ ಬೆಚ್ಚಗೆ, ಅದು ನನ್ನ ಅಭಿಪ್ರಾಯ. ನನಗೇ ಒಮ್ಮೆ ಹೀಗಾಗಿತ್ತು: ಕೆಲಸದ ನಡುವೆ ಬರೀ ‘ಹೂಂ’ ಅಂತ ಕಳಿಸಿ ಮರೆತುಬಿಟ್ಟಿದ್ದೆ, ಸಂಜೆ ಫೋನ್ ತೆಗೆದರೆ ಆ ಕಡೆಯಿಂದ ‘ಏನಾದ್ರೂ ತಪ್ಪು ಹೇಳಿದ್ನಾ?’ ಅಂತ ಬಂದು ನಾಲ್ಕು ಗಂಟೆಯಾಗಿತ್ತು.

ನೀನು-ನೀವು ಕೂಡ ಹೀಗೇ. ಅವನು ‘ಮೇಡಂ, ನಿಮ್ಮ’ ಅಂದದ್ದು ಬೇಕಂತಲೇ ಆಡಿದ ನಾಟಕ, ಅವರಿಬ್ಬರೂ ಏಕವಚನಕ್ಕೆ ಇಳಿದು ಎರಡು ತಿಂಗಳಾಗಿದೆ. ಇವಳು ಕೌಂಟರಿನ ಗುಂಗಿನಲ್ಲಿ ‘ಆಮೇಲೆ ಹೇಳಿ’ ಅಂದಿದ್ದರೆ ಅದು ನಾಟಕವೋ ನಿಜವಾದ ಸಿಟ್ಟೋ ಅಂತ ಅವನು ತಲೆ ಕೆರೆದುಕೊಳ್ಳುತ್ತಿದ್ದ. ಇನ್ನೂ ನೀವು-ನೀವು ಅನ್ನುವ ಹಂತದಲ್ಲಿದ್ದರೆ ಅವಸರದ ಉತ್ತರದಲ್ಲಿ ಏಕವಚನಕ್ಕೆ ಜಿಗಿಯಬೇಡಿ. ಆ ಜಿಗಿತವನ್ನು ಬಿಡುವಾಗಿರುವಾಗ, ಅವರ ಮುಖ ನೋಡುತ್ತಾ ಮಾಡಿದರೇ ಚೆನ್ನ.

ಉತ್ತರದ ಕೊನೆಗೆ ಪ್ರಶ್ನೆ ಬೇಡ. ‘ನೀನೇನು ಮಾಡ್ತಿದೀಯ?’ ಅಂತ ಕೇಳಿದರೆ ಅವರು ತಕ್ಷಣ ಉತ್ತರಿಸುತ್ತಾರೆ, ನೀವು ಮಾಯ. ಅಲ್ಲಿಂದ ಅವರು ಕಾಯುವುದು ಶುರು. ಅದರ ಬದಲು ‘ಆಗ ಜಮೆ’ ಅಂತ ಏನೋ ಒಂದು ಬಾಕಿ ಉಳಿಸಿ ಹೋಗಿ.

ಫೋನಿನ ಕಡೆ ಎರಡೇ ಮಾತು. ವಾಟ್ಸಾಪ್ ಚಾಟ್ ತೆರೆಯದೆ ಮೇಲಿನ ನೋಟಿಫಿಕೇಶನ್ ಎಳೆದು ಓದಿದರೆ ನೀಲಿ ಟಿಕ್ ಬೀಳುವುದಿಲ್ಲ, ಉತ್ತರ ಹೊಳೆಯದಿದ್ದರೆ ಹಾಗೆ ಓದಿ ಸುಮ್ನೆ ಇರಿ. ತೆರೆದು, ಏನೋ ಟೈಪ್ ಮಾಡಿ, ಅಳಿಸಿ ಹೋದರೆ ‘ಟೈಪಿಂಗ್’ ಅಂತ ಬಂದು ನಿಂತದ್ದು ಅವರಿಗೂ ಕಾಣುತ್ತದೆ. ಇನ್ನೊಂದು, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ವಾಟ್ಸಾಪ್ ತೆರೆದಿಟ್ಟು ಸ್ಕ್ರೀನ್ ಶೇರ್ ಮಾಡುವವರು ನೋಟಿಫಿಕೇಶನ್ ಆಫ್ ಮಾಡಿಕೊಳ್ಳಿ. ‘ನಿನ್ನ ನಗು’ ಮೂಲೆಯಲ್ಲಿ ಮೂಡಿ ಬಂದರೆ ಇಡೀ ಟೀಮ್ ಓದುತ್ತದೆ.

ಕ್ಲಾಸಿನಲ್ಲಿರುವವರಿಗೆ ಇನ್ನೂ ಕಷ್ಟ, ಬೆಂಚಿನ ಕೆಳಗೆ ನೋಡಿ ನಗುವವರನ್ನು ಮೇಷ್ಟ್ರು ಬೇಗ ಹಿಡಿಯುತ್ತಾರೆ. ಅಲ್ಲಿ ಮೆಸೇಜಿಗೆ ಒಂದು ಹಾರ್ಟ್ ಒತ್ತಿ ಬಿಟ್ಟರೂ ಆದೀತು, ಆದರೆ ಪೀರಿಯಡ್ ಮುಗಿದ ಮೇಲೆ ಮಾತು ಬರಲೇಬೇಕು. ದಿನಾ ಬರೀ ಹಾರ್ಟೇ ಆದರೆ ಅದು ಹಾಜರಿ ಹಾಕಿದ ಹಾಗೆ. ಗಾಡಿ ಓಡಿಸುವಾಗ, ಲ್ಯಾಬಿನಲ್ಲಿ ಕೈಯಲ್ಲಿ ಆಸಿಡ್ ಇರುವಾಗ ಇದ್ಯಾವುದೂ ಬೇಡ. ಹಾಗೆಯೇ ಆ ಕಡೆಯವರ ಮೇಲೆ ನಿಮಗೆ ಮನಸ್ಸಿಲ್ಲದಿದ್ದರೆ ಬಾಕಿ ಉಳಿಸುವ ಈ ಆಟ ಆಡಬೇಡಿ, ನೇರವಾಗಿ ಹೇಳಿಬಿಡಿ.

ಹೇಳಿದ ಹೊತ್ತಿಗೆ ಸಿಗಲು ಆಗದಿದ್ದರೆ? ನನ್ನ ಗೆಳತಿಗೂ ಆವತ್ತು ಅದೇ ಆಯಿತು. ಎರಡೂವರೆಗೆ ಊಟಕ್ಕೆ ಏಳಲು ಬಿಡದಷ್ಟು ಜನ. ಎರಡು ಇಪ್ಪತ್ತೈದಕ್ಕೆ, ಅಂದರೆ ಗಡುವು ಮುಗಿಯುವ ಮೊದಲೇ, ಇನ್ನೊಂದು ಸಾಲು ಹಾಕಿದಳು: ‘ಊಟವೂ ಇಲ್ಲ, ಜಮೆಯೂ ಇಲ್ಲ. ಆರು ಗಂಟೆಗೆ, ಬಡ್ಡಿ ಸೇರಿಸಿ.’ ಕ್ಷಮಾಪಣೆಯ ಉದ್ದ ಪತ್ರ ಬೇಕಾಗಲಿಲ್ಲ, ಅವನು ‘ಚಕ್ರಬಡ್ಡಿನಾ?’ ಅಂತ ಕೇಳಿ ತನ್ನ ಲ್ಯಾಬಿಗೆ ಹೋದ.

ಸಂಜೆ ಮಾತು ಮತ್ತೆ ಶುರು ಮಾಡುವಾಗ ಬಿಟ್ಟ ಎಳೆಯಿಂದಲೇ ಹಿಡಿಯಬೇಕು. ‘ಊಟ ಆಯ್ತಾ?’ ಅಂತ ನಮ್ಮ ಬಾಯಿಗೆ ತಾನಾಗೇ ಬರುತ್ತದೆ, ಅದನ್ನು ಎರಡನೇ ಮಾತಿಗೆ ಇಟ್ಟುಕೊಳ್ಳಿ. ಅವಳು ಕ್ಯಾಷ್ ಟ್ಯಾಲಿ ಮಾಡಿ, ಬಸ್ ಸ್ಟ್ಯಾಂಡಿನಲ್ಲಿ ನಿಂತು, ಆರು ಗಂಟೆಗೆ ಎರಡು ಫೋಟೊ ಕಳಿಸಿದಳು. ಮೊದಲನೆಯದರ ಕೆಳಗೆ ‘ಅಸಲು’ ಅಂತ ಬರೆದಿದ್ದಳು, ಎರಡನೆಯದರ ಕೆಳಗೆ ‘ಬಡ್ಡಿ’.