ಪ್ರೆಶರ್ ಗೇಜ್ ಫೋಟೊ ನೋಡಿ ಒತ್ತಡ ಹೇಳುವುದು ಹೇಗೆ?

ಯಾರೋ ವಾಟ್ಸಾಪ್‌ನಲ್ಲಿ ಗೇಜ್ ಫೋಟೊ ಕಳಿಸಿ "ಎಷ್ಟಿದೆ ನೋಡಿ" ಅಂತಾರೆ. ಮುಳ್ಳು ನೋಡುವ ಮೊದಲು ಡಯಲ್ ಮೇಲಿನ ಬರಹ ಓದಿ. ನಮ್ಮ ಉದಾಹರಣೆಯ ಗೇಜ್‌ನಲ್ಲಿ kg/cm² ಎಂದಿದೆ, ಅಳತೆ 0ಯಿಂದ 10ರವರೆಗೆ, ಕೆಳಗೆ ಸಣ್ಣದಾಗಿ CL 1.6. ಕೆಲವು ಡಯಲ್‌ಗಳಲ್ಲಿ ಎರಡು ಸ್ಕೇಲ್ ಇರುತ್ತವೆ. ಆಗ ಯಾವ ಸ್ಕೇಲ್‌ಗೆ ಯಾವ ಯೂನಿಟ್ ಎಂದು ಬಣ್ಣ ನೋಡಿ ಖಚಿತ ಮಾಡಿಕೊಳ್ಳಿ.

ಈಗ ಗೆರೆ ಎಣಿಸಿ. 6ರಿಂದ 7ರ ನಡುವೆ 5 ಮನೆ ಇವೆ, ಅಂದರೆ ಒಂದು ಮನೆಗೆ 0.2. ಇದನ್ನು 0.1 ಅಂತ ಸುಮ್ನೆ ಊಹಿಸಿಕೊಂಡರೆ ಮುಂದಿನ ಲೆಕ್ಕವೆಲ್ಲ ಹಾಳು. ಮುಳ್ಳು 6.2 ಮತ್ತು 6.4ರ ಸರಿಯಾಗಿ ಮಧ್ಯದಲ್ಲಿದೆ, ಹಾಗಾಗಿ 6.3. ಕಣ್ಣಳತೆಯಲ್ಲಿ ಕಾಲು ಮನೆಯಷ್ಟು ಆಚೀಚೆ ಆಗಬಹುದು, ಅದು 0.05.

ಫೋಟೊದಲ್ಲಿ ಇನ್ನೊಂದು ತೊಂದರೆ ಇದೆ. ಮುಳ್ಳು ಡಯಲ್‌ಗೆ ಅಂಟಿಕೊಂಡಿರುವುದಿಲ್ಲ, ಸ್ವಲ್ಪ ಮೇಲಿರುತ್ತದೆ, ಆದ್ದರಿಂದ ಕ್ಯಾಮೆರಾ ಓರೆಯಾಗಿದ್ದರೆ ಅದು ಪಕ್ಕದ ಗೆರೆಯ ಕಡೆ ಸರಿದಂತೆ ಕಾಣುತ್ತದೆ. ಡಯಲ್ ದುಂಡಗಿಲ್ಲದೆ ಮೊಟ್ಟೆಯಾಕಾರದಲ್ಲಿ ಕಂಡರೆ ಅನುಮಾನ ಪಡಿ. ಮುಳ್ಳು 3 ಮಿ.ಮೀ. ಮೇಲಿದ್ದು ಕ್ಯಾಮೆರಾ 15 ಡಿಗ್ರಿ ಓರೆಯಾಗಿದ್ದರೆ ಸುಮಾರು 0.8 ಮಿ.ಮೀ. ಸರಿದಂತಾಗುತ್ತದೆ. 100 ಮಿ.ಮೀ. ಡಯಲ್‌ನಲ್ಲಿ ಒಂದು ಮನೆ ಹೆಚ್ಚುಕಡಿಮೆ 4 ಮಿ.ಮೀ. ಇರುತ್ತದೆ, ಹಾಗಾಗಿ ತಪ್ಪು 0.04ರಷ್ಟು. ಓರೆ ಮುಳ್ಳಿನ ಉದ್ದಕ್ಕೇ ಇದ್ದರೆ ತೊಂದರೆಯಿಲ್ಲ, ಅಡ್ಡಕ್ಕಿದ್ದರೆ ಮಾತ್ರ ಪೂರ್ತಿ ಏಟು.

ಆದರೆ ದೊಡ್ಡ ತಪ್ಪು ಕಣ್ಣಿನದಲ್ಲ, ಗೇಜ್‌ನದ್ದೇ. CL 1.6 ಅಂದರೆ ಪೂರ್ತಿ ಸ್ಕೇಲ್‌ನ ಶೇ 1.6ರಷ್ಟು ತಪ್ಪು ಇರಬಹುದು, ಇಲ್ಲಿ 0.16. ಮುಳ್ಳು ಎಲ್ಲಿದ್ದರೂ ಅಷ್ಟೇ! ಮುಳ್ಳು 1ರಲ್ಲಿ ನಿಂತಿದ್ದರೆ ಅದೇ 0.16 ಓದಿದ ಬೆಲೆಯ ಶೇ 16 ಆಗಿಬಿಡುತ್ತದೆ.

ಮೂರೂ ತಪ್ಪುಗಳು ಒಟ್ಟಿಗೆ ಒಂದೇ ಕಡೆ ಎಳೆಯುವುದು ಅಪರೂಪ, ಅಲ್ವಾ? ಅದಕ್ಕೇ ನೇರವಾಗಿ ಕೂಡುವುದಿಲ್ಲ, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯುತ್ತೇವೆ:

```
√(0.16² + 0.05² + 0.04²) ≈ 0.17
```

ಯೂನಿಟ್ ಬದಲಿಸಲು 1 kg/cm² ಅಂದರೆ 98.07 ಕಿಲೋಪಾಸ್ಕಲ್ ಎಂದು ಹಿಡಿಯಿರಿ. 6.3 × 98.07 ಮಾಡಿದರೆ 617.8 ಬರುತ್ತದೆ. 0.17 ಅನ್ನೂ ಅದರಿಂದಲೇ ಗುಣಿಸಿ, ಸುಮಾರು 17. ಕ್ಯಾಲ್ಕುಲೇಟರ್ ತೋರಿಸಿತೆಂದು 617.8 ಅಂತ ಬರೆಯಬೇಡಿ, ಆ ಕೊನೆಯ ಅಂಕಿಗೆ ಇಲ್ಲಿ ಬೆಲೆಯೇ ಇಲ್ಲ. ಕೊನೆಯಲ್ಲಿ ಒಮ್ಮೆ ಮಾತ್ರ ದುಂಡಗೆ ಮಾಡಿ ಹೀಗೆ ಬರೆಯಿರಿ: 620 ± 20 ಕಿಲೋಪಾಸ್ಕಲ್, ಗೇಜ್ ಒತ್ತಡ. ಸಾಮಾನ್ಯ ಗೇಜ್ ಹೊರಗಿನ ಗಾಳಿಯ ಒತ್ತಡವನ್ನು ಸೊನ್ನೆ ಎಂದು ಹಿಡಿಯುತ್ತದೆ. ಹಾಗಾಗಿ "ಗೇಜ್" ಎಂಬ ಮಾತು ಬಿಟ್ಟರೆ ಓದುವವರ ಲೆಕ್ಕ ಸುಮಾರು 100 ಕಿಲೋಪಾಸ್ಕಲ್ ತಪ್ಪಬಹುದು.

ಮುಳ್ಳು ನಡುಗುತ್ತಿದೆಯೇ ಎಂದು ಫೋಟೊ ಕಳಿಸಿದವರನ್ನು ಕೇಳಿ. ನಡುಗುತ್ತಿದ್ದರೆ ಒಂದು ಫೋಟೊ ಸಾಲದು, ಚಿಕ್ಕ ವಿಡಿಯೊ ತರಿಸಿಕೊಂಡು ಮೇಲಿನ ಮತ್ತು ಕೆಳಗಿನ ತುದಿ ಎರಡನ್ನೂ ಬರೆದುಕೊಳ್ಳಿ.